ಕೇವಲ ಶೇಕಡಾ ಹತ್ತು

ಶುಲ್ಕ ಹೆಚ್ಚಳದ ಸುತ್ತೋಲೆ ಬರುವುದು ಸರಿಯಾಗಿ ವಾರ್ಷಿಕ ಪರೀಕ್ಷೆಯ ಹೊತ್ತಿಗೆ. ಮಕ್ಕಳು ಮಗ್ಗಿ ಉರು ಹೊಡೆಯುವಾಗ ಅಪ್ಪಂದಿರೂ ಸ್ವಲ್ಪ ಲೆಕ್ಕ ಮಾಡಲಿ ಎಂಬ ಸದುದ್ದೇಶವಿರಬೇಕು. ಶುರುವಿನಲ್ಲೇ ‘ಪ್ರಿಯ ಪೋಷಕರೇ’ ಅಂತಿರುತ್ತದೆ. ಅಷ್ಟು ಅಕ್ಕರೆಯಿಂದ ಕರೆದರೆ ನನಗೆ ಜೇಬು ಮುಟ್ಟಿ ನೋಡಿಕೊಳ್ಳುವ ಹಾಗಾಗುತ್ತದೆ.

ಆಮೇಲೆ ಕಾರಣಗಳು: ಶಿಕ್ಷಕರ ಸಂಬಳ, ಕರೆಂಟು, ಡೀಸೆಲ್, ಸಿಸಿಟಿವಿ. ಸಂಬಳದ ಮಾತು ಸುಳ್ಳಲ್ಲ. ಅನುದಾನರಹಿತ ಶಾಲೆಯ ಮೇಷ್ಟ್ರಿಗೆ ಸರ್ಕಾರ ಸಂಬಳ ಕೊಡುವುದಿಲ್ಲ. ಇಂಥ ಸಂಸ್ಥೆಗಳು ತಮ್ಮ ಶುಲ್ಕ ತಾವೇ ಗೊತ್ತುಮಾಡಬಹುದು, ಬೆಳವಣಿಗೆಗೆಂದು ಒಂದಿಷ್ಟು ಮಿಗಿಸಿಕೊಳ್ಳಲೂಬಹುದು, ಲಾಭಕೋರತನ ಮಾತ್ರ ಕೂಡದು ಎಂದು ಸುಪ್ರೀಂ ಕೋರ್ಟು 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ ಹೇಳಿದೆ. ಮಿಗಿಸುವುದು ಎಲ್ಲಿ ಮುಗಿದು ಲಾಭ ಎಲ್ಲಿಂದ ಶುರುವಾಗುತ್ತದೆ ಎಂಬುದಕ್ಕೆ ಮಾತ್ರ ಯಾವ ಸುತ್ತೋಲೆಯಲ್ಲೂ ಜಾಗ ಸಾಲುವುದಿಲ್ಲ.

‘ಹೆಚ್ಚಳ ಕೇವಲ ಶೇ. 10’ ಎಂದು ದಪ್ಪಕ್ಷರದಲ್ಲಿತ್ತು. ನಾನು ಸಮಾಧಾನದಿಂದ ಕಾಫಿ ಹೀರುತ್ತಿದ್ದೆ. ನನ್ನಾಕೆ ಹಾಳೆ ಕಸಿದುಕೊಂಡು ಹಿಂಬದಿ ತಿರುಗಿಸಿದಳು. “ಹತ್ತು ಬೋಧನಾ ಶುಲ್ಕಕ್ಕೆ ರೀ, ಉಳಿದದ್ದು ನೋಡಿ” ಎಂದಳು. ದೊಡ್ಡ ಮಗನ ಬೋಧನಾ ಶುಲ್ಕ 40,000ದಿಂದ 44,000ಕ್ಕೆ ಏರಿತ್ತು. ಅದರ ಕೆಳಗೆ ಚಟುವಟಿಕೆ ಶುಲ್ಕ 3,000 ಇದ್ದದ್ದು 4,500, ಸ್ಮಾರ್ಟ್ ಕ್ಲಾಸ್ 2,000 ಇದ್ದದ್ದು 3,000. ಒಟ್ಟು 45,000 ಹೋಗಿ 51,500. ಅಂದರೆ ಶೇ. 14ಕ್ಕೂ ಮೇಲೆ. ದಪ್ಪಕ್ಷರ ಸುಳ್ಳು ಹೇಳಿರಲಿಲ್ಲ, ಅರ್ಧ ಮಾತಾಡಿ ಸುಮ್ಮನಾಗಿತ್ತು. ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ವಿನಾಯಿತಿ ಸಿಗುವುದೂ ಬೋಧನಾ ಶುಲ್ಕಕ್ಕೆ ಮಾತ್ರ. ಹಾಗಾಗಿ ರಸೀದಿಯಲ್ಲಿ ಬಾಬ್ತುವಾರು ಬರೆಸಿಕೊಳ್ಳದಿದ್ದರೆ ಅಲ್ಲೂ ಪೆಟ್ಟು.

ರಿಯಾಯಿತಿಯ ವಿಷಯ ಕೊನೆಯ ಪ್ಯಾರಾದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ. ಒಡಹುಟ್ಟಿದವರಿದ್ದರೆ ಕಿರಿಯ ಮಗುವಿಗೆ ಶೇ. 10 ಕಡಿತ, ಅದೂ ಬೋಧನಾ ಶುಲ್ಕದಲ್ಲಿ. ಒಂದನೇ ತರಗತಿಗೆ ಹೋಗುವ ಮಗಳ ಬೋಧನಾ ಶುಲ್ಕ 30,000, ಆದ್ದರಿಂದ ಉಳಿಯುವುದು 3,000. ದೊಡ್ಡವನೊಬ್ಬನಿಗೇ ಏರಿದ್ದು 6,500. ಕಡಿಮೆ ಆದಾಯದವರು ತಹಸೀಲ್ದಾರರ ಆದಾಯ ಪ್ರಮಾಣಪತ್ರದೊಂದಿಗೆ ಮಾರ್ಚ್ 31ರೊಳಗೆ ಅರ್ಜಿ ಕೊಡಬೇಕು. ಮೊದಲ ಕಂತು ಕಟ್ಟಲು ಏಪ್ರಿಲ್ 15 ಕಡೆ ದಿನ. ರಿಯಾಯಿತಿ ಸಮಿತಿ ಸೇರುವುದು ಜೂನ್‌ನಲ್ಲಿ! ಕಷ್ಟವಿದೆ ಅಂತ ಅರ್ಜಿ ಹಾಕಿದವರೂ ಮೊದಲ ಕಂತನ್ನು ಪೂರ್ತಿ ಕಟ್ಟಬೇಕು, ಒಪ್ಪಿಗೆಯಾದರೆ ಎರಡನೇ ಕಂತಿನಲ್ಲಿ ವಜಾ. ಪುಣ್ಯಕ್ಕೆ ಆದಾಯ ಪ್ರಮಾಣಪತ್ರ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಒಮ್ಮೆ ನಾಡಕಚೇರಿಯಿಂದ ಮಾಡಿಸಿಟ್ಟವರಿಗೆ ಮಾರ್ಚ್ ಕೊನೆಯ ವಾರದ ಓಡಾಟ ತಪ್ಪುತ್ತದೆ.

ಕೌಂಟರಿನ ಗುಮಾಸ್ತರನ್ನು ಕೇಳಿದೆ: “ಸಾರ್, ಸಮಿತಿ ಏಪ್ರಿಲ್‌ನಲ್ಲೇ ಸೇರಬಾರದಾ?”

“ಬೇಸಿಗೆ ರಜೆ ಸಾರ್” ಎಂದರು ಅವರು, “ಕಂತಿಗೆ ಮಾತ್ರ ರಜೆ ಇಲ್ಲ.”