ಮೇಷ್ಟ್ರ ಕಣ್ಣಿಗೆ ಬಿದ್ದ ಕಿಟಕಿ

ನಿವೃತ್ತ ಮೇಷ್ಟ್ರ ಸನ್ಮಾನಕ್ಕೆ ಫ್ಲೆಕ್ಸ್ ಆಗಬೇಕು. ಫೋಟೋದಲ್ಲಿ ಪೇಟ ಇದೆ, ಶಾಲು ಇದೆ, ಕಣ್ಣೇ ಇಲ್ಲ! ಕನ್ನಡಕದ ಎರಡೂ ಗಾಜಿನಲ್ಲಿ ಬೆಳ್ಳಗೆ ಒಂದೊಂದು ಕಿಟಕಿ; ಬೇಕಿದ್ದರೆ ಸರಳು ಎಣಿಸಿಕೊಳ್ಳಿ. ಸಂಘದ ಕಾರ್ಯದರ್ಶಿಗಳು ಸ್ಟುಡಿಯೋ ಹುಡುಗನಿಗೆ, "ಸ್ವಲ್ಪ ಒರೆಸಿಬಿಡಪ್ಪಾ" ಅಂದರು. ಧೋತ್ರದ ಚುಂಗಿನಲ್ಲಿ ಒರೆಸಿದರೆ ಹೋಗುವ ಧೂಳೇನೋ ಅನ್ನುವ ಧಾಟಿಯಲ್ಲಿ.

ಒರೆಸುವ ಮೊದಲು ಚಿತ್ರ ಹಿಗ್ಗಿಸಿ ನೋಡಬೇಕು. ಬಿಳುಪಿನ ಹಿಂದೆ ರೆಪ್ಪೆ, ಕಣ್ಣುಗುಡ್ಡೆ ಮಸುಕಾಗಿಯಾದರೂ ಕಂಡರೆ ಬಚಾವಾದಿರಿ. ಫೋಟೋಶಾಪಿನಲ್ಲಿ ಆ ಮಸುಕಿನ ಭಾಗವನ್ನಷ್ಟೇ ಆರಿಸಿ Curves ಗೆರೆಯನ್ನು ಕೆಳಗೆಳೆದರೆ ಕಣ್ಣು ನಿಧಾನಕ್ಕೆ ಎದ್ದು ಬರುತ್ತದೆ. ಗಾಜಿನ ಲೇಪದಿಂದ ಹಸಿರು ಛಾಯೆ ಉಳಿದಿದ್ದರೆ, Color ಮೋಡಿನ ಹೊಸ ಲೇಯರಿನಲ್ಲಿ ಪಕ್ಕದ ಚರ್ಮದ ಬಣ್ಣ ತೆಳ್ಳಗೆ ಬಳಿದರಾಯಿತು. ಆದರೆ ಬಿಳುಪಿನಲ್ಲಿ ಕೆಂಪು, ಹಸಿರು, ನೀಲಿ ಮೂರೂ 255 ತೋರಿಸಿದರೆ ಅಲ್ಲಿ ಕಣ್ಣಿನ ಗುರುತೇ ದಾಖಲಾಗಿಲ್ಲ. ಎಷ್ಟು ಎಳೆದರೂ ಬಿಳಿ ಕಿಟಕಿ ಹೋಗಿ ಬೂದು ಕಿಟಕಿ ಬರುತ್ತದೆ, ಅಷ್ಟೇ.

ಒಂದು ಕಣ್ಣಾದರೂ ನೆಟ್ಟಗಿದ್ದರೆ ಹುಡುಗರ ಬಳಿ ಒಂದು ಸುಲಭೋಪಾಯ ಇದೆ: ಅದನ್ನೇ ನಕಲು ಮಾಡಿ, ತಿರುಗಿಸಿ, ಇನ್ನೊಂದು ಗಾಜಿಗೆ ಅಂಟಿಸುವುದು. ಮೇಷ್ಟ್ರು ನೇರ ಕ್ಯಾಮೆರಾ ನೋಡುತ್ತಿದ್ದರೆ ಹೇಗೋ ನಡೆದೀತು. ಚೂರು ಪಕ್ಕಕ್ಕೆ ನೋಡಿದ್ದರೋ, ಒಂದು ಕಣ್ಣು ಅಧ್ಯಕ್ಷರ ಕಡೆ, ಇನ್ನೊಂದು ಊಟದ ಪಂಕ್ತಿಯ ಕಡೆ! ಕಣ್ಣಿನೊಳಗಿನ ಬೆಳಕಿನ ಚುಕ್ಕಿಯೂ ತಿರುಗಿಬಿಟ್ಟಿರುತ್ತದೆ. ಅದನ್ನು ಅಳಿಸಿ, ಮೊದಲ ಕಣ್ಣಿನಲ್ಲಿ ಯಾವ ಕಡೆ ಇದೆಯೋ ಆ ಕಡೆಗೇ ಇಡದಿದ್ದರೆ ಮುಖಕ್ಕೆ ಎರಡು ಸೂರ್ಯ.

ಎರಡೂ ಕಣ್ಣು ಹೋಗಿದ್ದರೆ ಮರ್ಯಾದೆಯ ದಾರಿ ಒಂದೇ. ಅದೇ ಕುರ್ಚಿ, ಅದೇ ಬೆಳಕು, ಅದೇ ತಲೆಯ ಓರೆ. ಕನ್ನಡಕ ತೆಗೆಸಿ ಇನ್ನೊಂದು ಫೋಟೋ ಹೊಡೆದು, ಅದರ ಕಣ್ಣುಗಳನ್ನು ಮೊದಲಿನದಕ್ಕೆ ಕೂರಿಸುವುದು. ಇಲ್ಲೂ ಒಂದು ಕೊಕ್ಕೆ. ಮೈನಸ್ ಗಾಜು ಕಣ್ಣನ್ನು ಚಿಕ್ಕದಾಗಿ ತೋರಿಸುತ್ತದೆ, ಪ್ಲಸ್ ಗಾಜು ದೊಡ್ಡದಾಗಿ. ಬರಿಗಣ್ಣನ್ನು ಹಾಗೇ ಅಂಟಿಸಿದರೆ ಮನೆಯವರು, "ಯಾಕೋ ನಮ್ಮವರ ಹಾಗಿಲ್ಲ" ಅನ್ನುತ್ತಾರೆ. ಯಾಕೆಂದು ಅವರಿಗೂ ಹೊಳೆಯುವುದಿಲ್ಲ. ಗಾಜಿಗೆ ತಕ್ಕಂತೆ ತುಸು ಕುಗ್ಗಿಸಿ, ಇಲ್ಲವೇ ಹಿಗ್ಗಿಸಿ. ಕೆನ್ನೆಯ ಮೇಲಿದ್ದ ಫ್ರೇಮಿನ ನೆರಳನ್ನು ಮಾತ್ರ ಮುಚ್ಚಿಹಾಕಬೇಡಿ.

ಕೊನೆಗೆ ಹುರುಪಿನಲ್ಲಿ ಹೊಳಪನ್ನೆಲ್ಲ ಬಳಿದುಹಾಕುವ ಜಾಣರಿದ್ದಾರೆ. ಆಗ ಮೇಷ್ಟ್ರು ನಾಟಕದ ಕಂಪನಿಯ ಬರೀ ಫ್ರೇಮು ತೊಟ್ಟವರ ಹಾಗೆ ಕಾಣುತ್ತಾರೆ. ಕಣ್ಣಿಗೆ ಅಡ್ಡ ಬಾರದಂತೆ ಗಾಜಿನ ಅಂಚಿನಲ್ಲಿ ತೆಳುವಾದ ಒಂದು ಗೆರೆ ಉಳಿಯಲಿ.

ಮತ್ತೆ ಸ್ವಾಮಿ, ಮುಂದಿನ ಸನ್ಮಾನಿತರನ್ನು ಕೂರಿಸಿದಾಗ ಲೈಟನ್ನು ಎತ್ತರಿಸಿ ಪಕ್ಕಕ್ಕೆ ಸರಿಸಿ, ಗದ್ದ ತುಸು ಇಳಿಸಲು ಹೇಳಿ, ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಕೂದಲೆಳೆಯಷ್ಟು ಮೇಲೆತ್ತಿಸಿ. ಗಾಜು ನೆಲದ ಕಡೆ ವಾಲಿದರೆ ಬೆಳಕೂ ಅತ್ತಲೇ ಹೋಗುತ್ತದೆ, ಕ್ಯಾಮೆರಾಕ್ಕೆ ಬಡಿಯುವುದಿಲ್ಲ.