ಫ್ರಿಜ್ಜಿನಲ್ಲಿ ಶೆಲ್ಲು

ನಮ್ಮೂರಿನಲ್ಲಿ ಸತ್ತ ಶೆಲ್ಲುಗಳನ್ನು ಬಿಸಿಲಿಗೆ ಹಾಕುತ್ತಿದ್ದರು. ಮೈಸೂರಿನ ನನ್ನ ಮಾವನವರು ಬದುಕಿರುವ ಶೆಲ್ಲುಗಳನ್ನು ಫ್ರಿಜ್ಜಿಗೆ ಹಾಕುತ್ತಾರೆ. ಮದುವೆಯಾದ ಹೊಸದರಲ್ಲಿ ಈ ಎರಡು ಸಂಪ್ರದಾಯಗಳ ನಡುವೆ ಸಿಕ್ಕಿಕೊಂಡ ನಾನು, ಒಬ್ಬರಾದರೂ ಮೂರ್ಖರಿರಲೇಬೇಕು ಎಂದುಕೊಂಡಿದ್ದೆ. ವಿಚಾರಿಸುತ್ತಾ ಹೋದರೆ ಇಬ್ಬರೂ ಒಂದೇ ನಿಯಮವನ್ನು ಎರಡು ತುದಿಗಳಿಂದ ಹಿಡಿದು ಜಗ್ಗುತ್ತಿದ್ದರು.

ಊರಿನ ಕಥೆ ಮೊದಲು. ರಾತ್ರಿ ತೋಟಕ್ಕೆ ನೀರು ಕಟ್ಟಲು ಹೋಗುವವರ ಕೈಯಲ್ಲಿ ಮೂರು ಶೆಲ್ಲಿನ ಉದ್ದನೆಯ ಬ್ಯಾಟರಿ ಇರುತ್ತಿತ್ತು. ಬೆಳಕು ಕೆಂಪಗಾದಾಗ ದೊಡ್ಡಪ್ಪ ಶೆಲ್ಲುಗಳನ್ನು ಬಿಚ್ಚಿ, ಹಪ್ಪಳ ಸಂಡಿಗೆಯ ಪಕ್ಕದಲ್ಲಿ ಮಾಳಿಗೆಯ ಮೇಲೆ ಸಾಲಾಗಿ ಮಲಗಿಸುತ್ತಿದ್ದರು. ಸಂಜೆ ಹಾಕಿ ನೋಡಿದರೆ ಒಂದಿಷ್ಟು ಹೊತ್ತು ಉರಿಯುತ್ತಿತ್ತು! ಅದು ಸೂರ್ಯನಿಂದ ಶಕ್ತಿ ತುಂಬಿಕೊಂಡು ಬಂದದ್ದಲ್ಲ. ಬಿಸಿಯಾದಾಗ ಒಳಗಿನ ಪಾಕದಲ್ಲಿ ಓಡಾಟ ಚುರುಕಾಗುತ್ತದೆ. ದಿನವಿಡೀ ಸುಮ್ಮನೆ ಬಿದ್ದಿದ್ದರಿಂದ ಕಡ್ಡಿಯ ಸುತ್ತ ಕಟ್ಟಿಕೊಂಡಿದ್ದ ತಡೆಯೂ ತುಸು ಕರಗಿರುತ್ತದೆ. ತಳದಲ್ಲಿ ಉಳಿದಿದ್ದ ಚೂರುಪಾರು ಹೀಗೆ ಹೊರಗೆ ಬರುತ್ತಿತ್ತು, ಅಷ್ಟೆ.

ಮಾವನವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದು ನಿವೃತ್ತರಾದವರು. ಅವರ ಫ್ರಿಜ್ಜಿನ ಬಾಗಿಲಲ್ಲಿ ಬೆಣ್ಣೆಗೆಂದು ಮುಚ್ಚಳವಿರುವ ಒಂದು ಗೂಡಿದೆ. ಅದರಲ್ಲಿ ಬೆಣ್ಣೆಯನ್ನು ನಾನು ಕಂಡಿಲ್ಲ. ಕಂಡಿರುವುದು ರಿಮೋಟಿನ ಶೆಲ್ಲು, ಗಡಿಯಾರದ ಶೆಲ್ಲು, ಟಾರ್ಚಿನ ದಪ್ಪ ಶೆಲ್ಲು. ಕಾರಣ ಕೇಳಿದರೆ ಅವರು ನೇರವಾಗಿ ಸ್ವೀಡನ್ನಿಗೆ ಹೋಗುತ್ತಾರೆ.

"ಅರ್‍ಹೇನಿಯಸ್ ಅಂತ ಒಬ್ಬರಿದ್ದರು, ಅಳಿಯಂದ್ರೇ. 1889ರಲ್ಲೇ ಸಮೀಕರಣ ಬರೆದಿಟ್ಟಿದ್ದಾರೆ. ಶಾಖ ಕಮ್ಮಿಯಾದರೆ ರಾಸಾಯನಿಕ ಕ್ರಿಯೆ ನಿಧಾನ. ಶೆಲ್ಲು ಸುಮ್ಮನೆ ಕೂತಾಗ ಒಳಗೊಳಗೇ ಸವೆಯುವುದೂ ರಾಸಾಯನಿಕ ಕ್ರಿಯೆಯೇ ತಾನೆ?"

ಇದರಲ್ಲಿ ತಪ್ಪಿಲ್ಲ. ಹತ್ತು ಡಿಗ್ರಿ ಇಳಿದರೆ ಕ್ರಿಯೆಯ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬ ಒರಟು ಲೆಕ್ಕ ಶೆಲ್ಲಿಗೂ ಸಲ್ಲುತ್ತದೆ. ಕೋಣೆ 25 ಡಿಗ್ರಿ, ಫ್ರಿಜ್ಜು 5 ಡಿಗ್ರಿ ಎಂದರೆ ಅರ್ಧದ ಅರ್ಧ, ಅಂದರೆ ಕಾಲು ಭಾಗ. ಅವರ ಯೌವನದ ಕಾಲದ ಶೆಲ್ಲಿಗೆ ಇದು ದೊಡ್ಡ ಲಾಭವೇ ಆಗಿತ್ತು. ಆ ಹಳೆಯ ಶೆಲ್ಲಿನಲ್ಲಿ ಹೊರಗಿನ ಸತುವಿನ ಡಬ್ಬಿಯೇ ಪಾತ್ರೆ, ಅದೇ ಇಂಧನ. ಒಳಗಿನ ನವಸಾಗರದ ಪಾಕ ಕೆಲಸವಿರಲಿ ಬಿಡಲಿ ಆ ಡಬ್ಬಿಯನ್ನು ಕೊರೆಯುತ್ತಲೇ ಇರುತ್ತಿತ್ತು. ಮೇಲಿನ ಮುಚ್ಚು ಅಷ್ಟು ಬಿಗಿ ಇರದೆ ಪಾಕ ಒಣಗುತ್ತಲೂ ಇತ್ತು. ಅಂಗಡಿಯಲ್ಲಿ ಒಂದೆರಡು ವರ್ಷ ಕೂತ ಶೆಲ್ಲನ್ನು ಕೊಂಡವನು ಅರ್ಧ ಸತ್ತದ್ದನ್ನೇ ಕೊಂಡ ಹಾಗೆ. ಅಂಥದ್ದನ್ನು ತಣ್ಣಗಿಡುವುದು ಜಾಣತನ. ಆದರೆ ಆ ಶೆಲ್ಲಿದ್ದ ಕಾಲದಲ್ಲಿ ಮಾವನವರ ಮನೆಯಲ್ಲಿ ಫ್ರಿಜ್ಜಿರಲಿಲ್ಲ. ಫ್ರಿಜ್ಜು ಬರುವ ಹೊತ್ತಿಗೆ ಶೆಲ್ಲು ಬದಲಾಗಿತ್ತು.

ಬದಲಾದದ್ದು ಆಲ್ಕಲೈನ್ ಶೆಲ್ಲಿನಿಂದ. ಅದರಲ್ಲೂ ಸತುವಿದೆ, ಅದು ಡಬ್ಬಿಯಾಗಿಲ್ಲ, ಪುಡಿಯಾಗಿ ಒಳಗೆ ಕೂತಿದೆ. ಸತು ಮತ್ತು ನೀರು ಒಟ್ಟಿಗಿದ್ದರೆ ಮೆಲ್ಲಗೆ ಜಲಜನಕ ಬಿಡುತ್ತಾ ಸವೆಯುವುದು ಇಲ್ಲೂ ತಪ್ಪಿದ್ದಲ್ಲ. ಇದನ್ನು ತಡೆಯಲು ಒಂದು ಕಾಲದಲ್ಲಿ ಪಾದರಸ ಬೆರೆಸುತ್ತಿದ್ದರು. ಪಾದರಸ ವಿಷವೆಂದು 1990ರ ದಶಕದಲ್ಲಿ ಅದನ್ನು ಕೈಬಿಡಬೇಕಾಗಿ ಬಂದಾಗ, ಸತುವನ್ನೇ ಬಹಳ ಶುದ್ಧ ಮಾಡಿ, ಇಂಡಿಯಂ, ಬಿಸ್ಮತ್‌ನಂಥ ಲೋಹಗಳನ್ನು ಚಿಟಿಕೆಯಷ್ಟು ಸೇರಿಸಿ ಅದೇ ಫಲ ಪಡೆದರು. ಸವೆತದ ಬಹುಪಾಲು ಹುಟ್ಟುವುದು ಕಬ್ಬಿಣದಂಥ ಕಲ್ಮಶದ ಕಣಗಳ ಹತ್ತಿರ; ಕಣ ಹೋದರೆ ಸವೆತವೂ ಹೋದಂತೆ. ಹೀಗಾಗಿ ಇವತ್ತಿನ ಒಳ್ಳೆಯ ಆಲ್ಕಲೈನ್ ಶೆಲ್ಲು ಕೋಣೆಯಲ್ಲಿಟ್ಟರೂ ವರ್ಷಕ್ಕೆ ಕಳೆದುಕೊಳ್ಳುವುದು ನೂರಕ್ಕೆ ಎರಡೋ ಮೂರೋ.

ಈಗ ಲೆಕ್ಕ ಹಾಕಿ. ವರ್ಷಕ್ಕೆ ಮೂರು ಹೋಗುವಲ್ಲಿ ಫ್ರಿಜ್ಜಿನಲ್ಲಿ ಮುಕ್ಕಾಲು ಹೋಗುತ್ತದೆ. ಉಳಿತಾಯ ಎರಡೂ ಕಾಲು. ಒಂದು ವರ್ಷ ಗಡಿಯಾರ ನಡೆಸುವ ಶೆಲ್ಲಾದರೆ ಎಂಟು ದಿನ ಹೆಚ್ಚಿಗೆ ನಡೆಸೀತು. ಶೆಲ್ಲಿಗೆ 40 ರೂಪಾಯಿ ಎಂದುಕೊಂಡರೆ 90 ಪೈಸೆ. ಇದನ್ನು ಮಾವನವರ ಮುಂದಿಟ್ಟಾಗ ಅವರು, "90 ಪೈಸೆ ಅಂದ್ರೆ ಬಿಟ್ಟಿ ಬಂತೇ?" ಎಂದರು. ಮೇಷ್ಟರ ಪಿಂಚಣಿಯ ಮೇಲೆ ಬದುಕು ಕಟ್ಟಿದವರ ಹತ್ತಿರ ಈ ವಾದ ನಡೆಯುವುದಿಲ್ಲ.

ನಡೆದದ್ದು ನೀರಿನ ವಾದ. ಮಳೆಗಾಲದಲ್ಲಿ ಫ್ರಿಜ್ಜಿನಿಂದ ತೆಗೆದ ಶೆಲ್ಲಿನ ಮೈಮೇಲೆ ನಿಮಿಷದೊಳಗೆ ಬೆವರು ಮೂಡುತ್ತದೆ. ಮಾವನವರು ಪಂಚೆಯ ಅಂಚಿನಲ್ಲಿ ಒರೆಸಿ ಟಾರ್ಚಿಗೆ ಹಾಕುತ್ತಾರೆ. ಒರೆಸಿದ್ದು ಹೊರಮೈ; ತುದಿಯ ಟೋಪಿಯ ಸುತ್ತಲಿನ ಸಂದಿಯಲ್ಲಿ, ಹೊದಿಕೆಯ ಅಂಚಿನೊಳಗೆ ನೀರು ಉಳಿಯುತ್ತದೆ. ಟಾರ್ಚಿನ ತಳದ ಸ್ಪ್ರಿಂಗು ತುಕ್ಕು ಹಿಡಿದದ್ದು ಹಾಗೆ. ಅದಕ್ಕೆ ಅವರು ಟಾರ್ಚಿನವನನ್ನು ಬೈದರು. ಇನ್ನೊಂದು ಕಷ್ಟವೆಂದರೆ, ತಣ್ಣಗಿರುವ ಶೆಲ್ಲು ಸೋಮಾರಿ. ಫ್ರಿಜ್ಜಿನಿಂದ ನೇರವಾಗಿ ಹಾಕಿದರೆ ಬೆಳಕು ಮಂಕು. ಒಳ್ಳೆಯ ಶೆಲ್ಲುಗಳೇ "ಇದು ಮುಗೀತು" ಎನ್ನಿಸಿಕೊಂಡು ಕಸಕ್ಕೆ ಹೋದದ್ದುಂಟು. ವರ್ಷಕ್ಕೆ 90 ಪೈಸೆ ಉಳಿಸಿ ಒಂದೇ ಏಟಿಗೆ 40 ರೂಪಾಯಿ ಎಸೆಯುವ ಈ ವಿಧಾನ ಅರ್‍ಹೇನಿಯಸ್ಸರಿಗೂ ಹೊಳೆದಿರಲಿಕ್ಕಿಲ್ಲ.

ಕರೆಂಟು ಹೋದ ರಾತ್ರಿಯ ವೈಭವವೇ ಬೇರೆ. ಟಾರ್ಚಿಗೆ ಶೆಲ್ಲು ಬೇಕು. ಶೆಲ್ಲು ಫ್ರಿಜ್ಜಿನಲ್ಲಿದೆ. ಫ್ರಿಜ್ಜಿನ ದೀಪ ಕರೆಂಟಿನ ಜೊತೆಗೇ ಹೋಗಿದೆ. ಶೆಲ್ಲು ಹುಡುಕಲು ಟಾರ್ಚು ಬೇಕು. ಮಾವನವರು ಕತ್ತಲಲ್ಲಿ ಕೈಯಾಡಿಸಿ, ದೋಸೆ ಹಿಟ್ಟಿನ ಪಾತ್ರೆಯೊಳಗೆ ಮಣಿಕಟ್ಟಿನವರೆಗೆ ಇಳಿಸಿದಾಗ ಅತ್ತೆಯವರು ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಶೆಲ್ಲು ತಯಾರಿಸುವ ದೊಡ್ಡ ಕಂಪನಿಗಳೇ ಫ್ರಿಜ್ಜಿನಲ್ಲಿ ಇಡಬೇಕಾಗಿಲ್ಲ, ತೇವವಿಲ್ಲದ ಕೋಣೆಯಲ್ಲಿಟ್ಟರೆ ಸಾಕು ಎನ್ನುತ್ತವೆ. "ಬೇಗ ಸತ್ತರೆ ಅವರಿಗೇ ವ್ಯಾಪಾರ" ಎಂದು ಮಾವನವರು ಅದನ್ನು ತಳ್ಳಿಹಾಕಿದರು. ನಿಜವಾಗಿ ನೋಡಬೇಕಾದದ್ದು ನಾವು ಕೊಳ್ಳುವುದಕ್ಕೆ ಮುಂಚೆ ಶೆಲ್ಲು ಎಲ್ಲಿ ಕೂತಿತ್ತು ಎಂಬುದನ್ನು. ಗೂಡಂಗಡಿಯ ಮುಂಭಾಗದಲ್ಲಿ ಪಡುವಣ ಬಿಸಿಲಿಗೆ ತೂಗಾಡುವ ಶೆಲ್ಲಿನ ಹಾಳೆ 45 ಡಿಗ್ರಿ ಮುಟ್ಟಿದರೆ ಆಶ್ಚರ್ಯವಿಲ್ಲ. ಅದೇ ನಿಯಮವನ್ನು ಮೇಲಕ್ಕೆ ಹಿಡಿದರೆ ಸವೆತ ನಾಲ್ಕು ಪಟ್ಟು. ಅಲ್ಲಿ ಕಳೆದ ಒಂದು ಬೇಸಿಗೆ ನಮ್ಮ ಕಪಾಟಿನ ಒಂದು ವರ್ಷಕ್ಕೆ ಸಮ. ಮೈಮೇಲಿನ ತಾರೀಖು ನೋಡಿ, ನೆರಳಿನಲ್ಲಿದ್ದ ಡಬ್ಬಿಯಿಂದ ಕೊಡಪ್ಪಾ ಎಂದು ಕೇಳುವುದರಲ್ಲಿ ಫ್ರಿಜ್ಜಿಗಿಂತ ಹೆಚ್ಚು ಲಾಭವಿದೆ.

ಇಷ್ಟಾದ ಮೇಲೆ ಮಾವನವರು ತಮ್ಮ ಬ್ರಹ್ಮಾಸ್ತ್ರ ತೆಗೆದರು: ಕ್ಯಾಮೆರಾದ ಫ್ಲಾಶಿಗೆಂದು ಹಿಂದೆಂದೋ ಕೊಂಡಿದ್ದ ಚಾರ್ಜು ಮಾಡುವ ಶೆಲ್ಲುಗಳು. ಹಳೆಯ ಮಾದರಿಯ ನಿಕ್ಕಲ್ ಮೆಟಲ್ ಹೈಡ್ರೈಡ್ ಶೆಲ್ಲು. ಇವಕ್ಕೆ ಕೂತಲ್ಲೇ ಕರಗುವ ರೋಗ. ತುಂಬಿಸಿಟ್ಟರೆ ತಿಂಗಳಿಗೆ ಕಾಲು ಭಾಗ ಮಾಯ. ಸೆಕೆಗಾಲದಲ್ಲಿ ಇನ್ನೂ ಜಾಸ್ತಿ. ನವರಾತ್ರಿಗೆ ತುಂಬಿಸಿದ್ದು ದೀಪಾವಳಿಗೆ ಫ್ಲಾಶ್ ಬೆಳಗದೆ ನೆಂಟರ ಮುಂದೆ ಮಾನ ಕಳೆಯುತ್ತದೆ.

ಮೇಷ್ಟರಲ್ಲವೇ, ಪ್ರಯೋಗವೇ ಆಗಲಿ ಎಂದರು. ತುಂಬಿಸಿದ ಒಂದು ಜೋಡಿ ಕಪಾಟಿನ ಮೇಲೆ, ಇನ್ನೊಂದು ಜೋಡಿ ಬೆಣ್ಣೆಯ ಗೂಡಿನಲ್ಲಿ. ತಿಂಗಳು ಕಳೆದ ಮೇಲೆ ಎಷ್ಟು ಉಳಿದಿದೆ ಎಂದು ಖಾಲಿ ಮಾಡಿ ಅಳೆದು ತೋರಿಸುವ ಚಾರ್ಜರಿಗೆ ಹಾಕಿದೆವು. 2000 ಮಿಲಿಆಂಪ್ ಗಂಟೆಯ ಶೆಲ್ಲುಗಳಲ್ಲಿ ಕಪಾಟಿನವು 1500ರ ಆಸುಪಾಸಿಗೆ ಇಳಿದಿದ್ದವು. ಫ್ರಿಜ್ಜಿನವು 1850ರ ಮೇಲೆ ನಿಂತಿದ್ದವು. ಮಾವನವರು ಎದ್ದು ನಿಂತು ಕನ್ನಡಕ ಒರೆಸಿಕೊಂಡರು. ಗೆದ್ದದ್ದು ನ್ಯಾಯವಾಗಿಯೇ.

ಆದರೆ ನಾನು ಮೂರನೆಯ ಜೋಡಿಯೊಂದನ್ನು ಅದೇ ಕಪಾಟಿನ ಮೇಲೆ ಇಟ್ಟಿದ್ದೆ. ಅವೂ ಅದೇ ಜಾತಿಯವು, ಹೊಸ ಬಗೆ. 2005ರಲ್ಲಿ ಜಪಾನಿನ ಸ್ಯಾನ್ಯೋ ಕಂಪನಿ ಎನೆಲೂಪ್ ಎಂಬ ಹೆಸರಿನಲ್ಲಿ ತಂದದ್ದೇ ಇವುಗಳ ಮೊದಲ ಪೀಳಿಗೆ. ವರ್ಷ ಕಳೆದರೂ ನೂರಕ್ಕೆ 85 ಉಳಿಯುತ್ತದೆಂದು ಆಗಲೇ ಹೇಳಿದ್ದರು. ಈಗ ಬೇರೆಯವರೂ ಮಾಡುತ್ತಾರೆ. ಅವನ್ನು ಅಳೆದರೆ 1900ರ ಹತ್ತಿರ. ಫ್ರಿಜ್ಜಿಲ್ಲದೆ, ಬೆವರಿಲ್ಲದೆ, ದೋಸೆ ಹಿಟ್ಟಿಲ್ಲದೆ.

"ಏನು ಮಾಡಿದ್ದಾರೆ ಇದರಲ್ಲಿ?" ಎಂದು ಮಾವನವರು ಶೆಲ್ಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

ಮಾಡಿದ್ದು ಮುಖ್ಯವಾಗಿ ಪೊರೆಯಲ್ಲಿ. ಶೆಲ್ಲಿನೊಳಗೆ ಧನ ಮತ್ತು ಋಣ ಫಲಕಗಳು ಒಂದಕ್ಕೊಂದು ತಾಗದಂತೆ ನಡುವೆ ತೆಳುವಾದ ಬಟ್ಟೆಯಂಥ ಪೊರೆ ಇರುತ್ತದೆ. ಹಳೆಯದರಲ್ಲಿ ಅದು ನೈಲಾನಿನದು. ನೈಲಾನು ಆ ಕ್ಷಾರದಲ್ಲಿ ನೆನೆದು ಮೆಲ್ಲಗೆ ಮುರಿದು ಸಾರಜನಕದ ಸಂಯುಕ್ತಗಳನ್ನು ಬಿಡುತ್ತದೆ. ಇವು ಜಗಳವಾಡಿದ ಎರಡು ಮನೆಗಳ ನಡುವೆ ಓಡಾಡುವ ಚಾಡಿಕೋರ ನೆಂಟನ ಹಾಗೆ: ಈ ಫಲಕದ ಬಳಿ ಅಮೋನಿಯವಾಗಿ ಹುಟ್ಟಿ, ಆ ಫಲಕಕ್ಕೆ ಹೋಗಿ ನೈಟ್ರೈಟೋ ನೈಟ್ರೇಟೋ ಆಗಿ, ಮತ್ತೆ ಇಲ್ಲಿಗೆ ಬಂದು ಅಮೋನಿಯವಾಗಿ, ಪ್ರತಿ ಸುತ್ತಿಗೂ ಎರಡೂ ಕಡೆಯ ಶಕ್ತಿ ಖರ್ಚು ಮಾಡಿಸುತ್ತಾ ತಾವು ಮಾತ್ರ ಸವೆಯದೆ ಉಳಿಯುತ್ತವೆ. ಫ್ರಿಜ್ಜಿಗಿಟ್ಟರೆ ಈ ಓಡಾಟ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಹೊಸದರಲ್ಲಿ ನೈಲಾನನ್ನೇ ತೆಗೆದು, ಗಂಧಕದಿಂದ ಸಂಸ್ಕರಿಸಿದ ಪಾಲಿಪ್ರೊಪಿಲೀನಿನ ಪೊರೆ ಹಾಕಿದರು. ಅದು ಹೊಸದಾಗಿ ಅಮೋನಿಯ ಬಿಡುವುದಿಲ್ಲ. ಎಲ್ಲಾದರೂ ಇದ್ದರೆ ಹಿಡಿದಿಟ್ಟುಕೊಳ್ಳುತ್ತದೆ. ಋಣ ಫಲಕದ ಮಿಶ್ರಲೋಹದಿಂದ ಕೋಬಾಲ್ಟು, ಮ್ಯಾಂಗನೀಸು ಕರಗಿ ಬಂದು ಪೊರೆಯ ಮೇಲೆ ಕೂತು ಒಳದಾರಿ ಮಾಡುವುದನ್ನೂ ಲೋಹದ ಪಾಕ ಬದಲಿಸಿ ತಗ್ಗಿಸಿದರು.

ಅಂಗಡಿಯಲ್ಲಿ ಗುರುತು ಹಿಡಿಯುವುದು ಸುಲಭ. ಪೊಟ್ಟಣದ ಮೇಲೆ ಪ್ರೀ ಚಾರ್ಜ್ಡ್ ಎಂದೋ ರೆಡಿ ಟು ಯೂಸ್ ಎಂದೋ ಬರೆದಿದ್ದರೆ ಅದು ಹೊಸ ಬಗೆ. ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂತರೂ ತುಂಬಿರುತ್ತದೆ ಎಂಬ ಧೈರ್ಯವಿಲ್ಲದೆ ಯಾರೂ ಹಾಗೆ ಬರೆಯುವುದಿಲ್ಲ. ದೊಡ್ಡ ಅಂಕಿಗೆ ಮರುಳಾಗಬಾರದು. 2600 ಎಂದು ಬರೆದ ಹಳೆಯ ಬಗೆಯದು ಎರಡು ತಿಂಗಳಲ್ಲಿ 1500ಕ್ಕಿಂತ ಕೆಳಗೆ ಬಂದಿರುತ್ತದೆ. 2000 ಎಂದು ವಿನಯವಾಗಿ ಬರೆದುಕೊಂಡದ್ದು 1900ರ ಸುಮಾರಿಗೆ ಇನ್ನೂ ಕೂತಿರುತ್ತದೆ.

ಕೊನೆಗೆ ರಾಜಿಯಾಯಿತು. ಹೊಸದಾಗಿ ಕೊಳ್ಳುವುದೆಲ್ಲ ಹೊಸ ಬಗೆ, ಜಾಗ ಕಪಾಟು. ಹಳೆಯ ಚಾರ್ಜಿನ ಶೆಲ್ಲುಗಳು ಮಾತ್ರ ಫ್ರಿಜ್ಜಿನಲ್ಲಿ, ಅದೂ ಗಾಳಿಯಾಡದ ಡಬ್ಬಿಯಲ್ಲಿ. ಹೊರಗೆ ತೆಗೆದ ಡಬ್ಬಿಯನ್ನು ಮುಚ್ಚಳ ಬಿಚ್ಚದೆ ಮೂರ್ನಾಲ್ಕು ಗಂಟೆ ಬಿಡಬೇಕು. ಬೆವರು ಡಬ್ಬಿಗೆ ಬರಲಿ, ಶೆಲ್ಲಿಗೆ ಬೇಡ. ಫ್ರೀಜರಿನ ಮಾತೇ ಇಲ್ಲ.

"ಇವು ಪೂರ್ತಿ ಕೈಕೊಡುವ ತನಕ ಇಲ್ಲೇ ಇರಲಿ, ಆಮೇಲೂ ಒಂದಷ್ಟು ದಿನ ನೋಡೋಣ" ಎಂದರು ಮಾವನವರು, ಡಬ್ಬಿಯ ಮೇಲೆ ತಾರೀಖು ಬರೆಯುತ್ತಾ.

"ಸತ್ತ ಮೇಲೂ ತಣ್ಣಗಿಡೋ ಜಾಗಕ್ಕೆ ಬೇರೆ ಹೆಸರಿದೆ, ಅದನ್ನ ಅಡಿಗೆಮನೇಲಿ ಇಟ್ಕೊಳ್ಳಲ್ಲ" ಎಂದು ಅತ್ತೆಯವರು ಬೆಣ್ಣೆಯ ಗೂಡನ್ನು ಒರೆಸಲು ಶುರುಮಾಡಿದರು.