ಅರಿಸಿನ ಪೇಟೆಗೊಂದು ವಿಜ್ಞಾಪನೆ

ಮಿರಜೆಯ ನಮ್ಮ ಓಣಿಯಲ್ಲಿ ಅರ್ಜಿಗಳನ್ನು ಬರೆದುಕೊಡುವವನೆಂಬ ಒಂದು ಅನಪೇಕ್ಷಿತ ಕೀರ್ತಿ ನನಗುಂಟು. ನಳದಲ್ಲಿ ನೀರು ಬಾರದಿದ್ದಾಗ, ಪಡಿತರ ಚೀಟಿಯಲ್ಲಿ ಸೊಸೆಯ ಹೆಸರು ಸೇರದಿದ್ದಾಗ, ತೀರಿಕೊಂಡ ಯಜಮಾನನ ಹೆಸರಿಗೇ ವಿದ್ಯುತ್ತಿನ ಬಿಲ್ಲು ವರ್ಷಗಟ್ಟಲೆ ಬರುತ್ತಿದ್ದಾಗ, ಜನರು ಒಂದು ಬಿಳಿಯ ಹಾಳೆಯನ್ನೂ ಒಂದು ದೀರ್ಘ ಕಥೆಯನ್ನೂ ಹೊತ್ತು ನನ್ನ ಪಡಸಾಲೆಗೆ ಬರುತ್ತಾರೆ. ಹಾಳೆಯನ್ನು ಬರೆಯಿಸಿಕೊಂಡು ಹೋಗುತ್ತಾರೆ, ಕಥೆಯನ್ನು ನನ್ನಲ್ಲಿಯೇ ಬಿಡುತ್ತಾರೆ. ಆದುದರಿಂದ ಸಾಂಗಲಿಯ ಕಾಲೇಜೊಂದರಲ್ಲಿ ಓದುತ್ತಿರುವ ನನ್ನ ಮೊಮ್ಮಗಳು, ಅಲ್ಲಿಯ ಮಾರ್ಕೆಟ್ ಯಾರ್ಡಿನ ಅರಿಸಿನದ ಸವಾಲನ್ನು ಕುರಿತು ಒಂದು ಸಾಕ್ಷ್ಯಚಿತ್ರ ತೆಗೆಯಬೇಕಾಗಿದೆ, ವ್ಯಾಪಾರಿಗಳ ಸಂಘದ ಅಪ್ಪಣೆ ಬೇಕಾಗಿದೆ ಎಂದು ತಾನೇ ಬರೆದ ಕರಡನ್ನು ನನ್ನ ಮುಂದಿರಿಸಿದಾಗ, ಅದು ವಿಧಿವಿಲಾಸವೆಂದೇ ಬಗೆದು ಕನ್ನಡಕವನ್ನು ಏರಿಸಿದೆ.

ಕರಡು ಭವ್ಯವಾಗಿದ್ದಿತು. ಹರಿದ್ರೆಯ ಮಾಂಗಲ್ಯ, ಕೃಷ್ಣಾತೀರದ ಸಂಸ್ಕೃತಿ, ಶ್ರಮಜೀವಿಗಳ ಸ್ವೇದಗಾಥೆ, ಪೀತವರ್ಣದ ವೈಭವ ಮೊದಲಾದವುಗಳಿಂದ ಒಂದೂವರೆ ಪುಟ ತುಂಬಿ, ಕೊನೆಯಲ್ಲಿ ‘ತಮ್ಮ ಸಹಕಾರವನ್ನು ಕೋರುತ್ತೇವೆ’ ಎಂದು ಮುಗಿದಿದ್ದಿತು. ಯಾವ ದಿನ, ಯಾವ ಹೊತ್ತು, ಎಷ್ಟು ಜನ, ಎಲ್ಲಿ ನಿಲ್ಲುವರು ಎಂಬುದರ ಸುಳಿವು ಮಾತ್ರ ಎಲ್ಲಿಯೂ ಇರಲಿಲ್ಲ.

“ಎಷ್ಟು ಮಂದಿ ಬರ್ತೀರವ್ವಾ?” ಎಂದೆ.

“ಐದು ಮಂದಿ ಅಜ್ಜಾ. ದೋಸ್ತರು ನೋಡಾಕ ಬಂದ್ರ ಹತ್ತು.”

“ಐದು ಅಂತ ಬರಿ. ದೋಸ್ತರಿಗೆ ಸಿನಿಮಾ ಆದಮ್ಯಾಲೆ ತೋರಿಸು.”

ಸಾಂಗಲಿಯಲ್ಲಿ ಹೊರಗಿನವರು ಬಂದು ಏನಾದರೂ ತೋರಿಸುವುದು ಹೊಸತೇನೂ ಅಲ್ಲ. 1842ರಲ್ಲಿ ನಮ್ಮ ಉತ್ತರ ಕನ್ನಡದ ಭಾಗವತರ ಮೇಳವೊಂದು ಅಲ್ಲಿಗೆ ಬಂದು ಆಡಿದ ಆಟವನ್ನು ಕಂಡು, ಅಂಥದನ್ನು ಮರಾಠಿಯಲ್ಲಿಯೂ ಕಟ್ಟಬೇಕೆಂದು ಸಂಸ್ಥಾನಿಕರಾದ ಚಿಂತಾಮಣರಾವ ಪಟವರ್ಧನರು ಮನಸ್ಸು ಮಾಡಿದ್ದರಿಂದಲೇ, ವಿಷ್ಣುದಾಸ ಭಾವೆಯವರ ‘ಸೀತಾ ಸ್ವಯಂವರ’ 1843ರಲ್ಲಿ ಅರಮನೆಯಲ್ಲಿ ರಂಗವೇರಿತು. ಆ ಮೇಳದವರಿಗೆ ಇದ್ದ ಸೌಕರ್ಯವೆಂದರೆ, ಒಬ್ಬ ದೊರೆಯ ತಲೆ ಆಡಿದರೆ ಕೆಲಸ ಮುಗಿಯುತ್ತಿದ್ದಿತು. ಪ್ರಜಾಪ್ರಭುತ್ವದ ಪೇಟೆಯಲ್ಲಿ ಎಷ್ಟು ತಲೆಗಳು ಆಡಬೇಕೆಂಬುದು ನನ್ನ ಮೊಮ್ಮಗಳಿಗೆ ಇನ್ನೂ ತಿಳಿದಿರಲಿಲ್ಲ.

ವ್ಯಾಪಾರಿಗಳ ಸಂಘಕ್ಕೆ ಬರೆದರೆ ಪೇಟೆಯೆಲ್ಲ ತೆರೆಯುವುದೆಂದು ವಿದ್ಯಾರ್ಥಿಗಳು ನಂಬುತ್ತಾರೆ. ಆದರೆ ಸಂಘಕ್ಕೆ ಸೇರಿದ್ದು ಸದಸ್ಯರ ಮೇಲಿನ ದಾಕ್ಷಿಣ್ಯವಷ್ಟೆ. ಯಾರ್ಡಿನ ರಸ್ತೆ, ಗೇಟು, ಬಯಲು ಇವೆಲ್ಲ 1963ರ ಮಹಾರಾಷ್ಟ್ರದ ಕೃಷಿ ಉತ್ಪನ್ನ ಮಾರಾಟದ ಕಾಯಿದೆಯ ಮೇರೆಗೆ ನಡೆಯುವ ಬಾಜಾರ ಸಮಿತಿಯ ಅಧೀನ. ಅಡತಿ ಅಂಗಡಿಯ ಹೊಸ್ತಿಲು ದಾಟಿದರೆ ಅದು ಆ ಅಡತಿಯವನ ಮನೆಯಿದ್ದಂತೆ. ಹಮಾಲನಿಗಾದರೋ ತನ್ನದೇ ಸಂಘಟನೆಯುಂಟು, 1969ರ ಮಾಥಾಡಿ ಕಾಯಿದೆಯ ಆಸರೆಯುಂಟು, ಅದಕ್ಕೂ ಮಿಗಿಲಾಗಿ ಬೆನ್ನ ಮೇಲೆ ಚೀಲವುಂಟು. ದಾರಿಗಡ್ಡ ನಿಂತವನ ಬಳಿ ಯಾವ ಪತ್ರವಿದೆಯೆಂದು ಅವನು ಕೇಳುವುದಿಲ್ಲ. ಇನ್ನು ರೈತನ ಮುಖವಾದರೋ ಯಾವ ಸಂಘದ ಆಸ್ತಿಯೂ ಅಲ್ಲ. ಆದುದರಿಂದ ಮೂಲಪತ್ರ ವ್ಯಾಪಾರಿಗಳ ಸಂಘಕ್ಕೆ, ಮಾಹಿತಿಗಾಗಿಯೆಂದು ಒಂದು ಪ್ರತಿ ಹಮಾಲರ ಸಂಘಟನೆಗೆ, ಬಾಜಾರ ಸಮಿತಿಯ ಕಾರ್ಯದರ್ಶಿಗಳಿಗೆ ಮಾತ್ರ ಪ್ರತ್ಯೇಕವಾಗಿ ಒಂದು ಅರ್ಜಿ ಎಂದು ಗೊತ್ತುಮಾಡಿದೆವು. ಅದೇ ಹಾಳೆಯ ನಕಲನ್ನೇ ಸಮಿತಿಗೂ ಕಳುಹಿಸಿದರೆ ಸಾಲದೆಂದು ನಾನು ಹಟ ಹಿಡಿದೆ. ‘ಪ್ರತಿ’ ಎಂಬ ತಲೆಬರಹ ಕಂಡ ಕಾಗದವನ್ನು ಕಚೇರಿಯವರು ಓದದೆ ಕಡತಕ್ಕೆ ಸೇರಿಸುವ ಹಕ್ಕನ್ನು ಪಡೆದಿರುತ್ತಾರೆ.

ಪತ್ರದ ಒಡಲಿಗೆ ಬರುವ ಮುನ್ನ ಸವಾಲು ಹೇಗೆ ನಡೆಯುವುದೆಂಬುದನ್ನು ಮಕ್ಕಳು ನೋಡಿ ಬರಲೆಂದು, ಕ್ಯಾಮೆರಾ ಇಲ್ಲದೆ ಒಂದು ಮುಂಜಾನೆ ಅವರನ್ನು ಯಾರ್ಡಿಗೆ ಕರೆದುಕೊಂಡು ಹೋದೆ. ಸಾಂಗಲಿಯ ಅರಿಸಿನಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿರುವುದು ನಿಜವಾದರೂ, ಆ ಪೇಟೆಯ ಚೀಲಗಳೆಲ್ಲ ಸಾಂಗಲಿ ಜಿಲ್ಲೆಯಲ್ಲಿಯೇ ತುಂಬಿದವುಗಳಲ್ಲ. ನಮ್ಮ ರಾಯಬಾಗ, ಗೋಕಾಕಗಳ ಕಡೆಯ ರೈತರೂ ಸುಗ್ಗಿಯಲ್ಲಿ ಕುದಿಸಿ, ಒಣಗಿಸಿ, ಮೆರುಗು ಕೊಟ್ಟ ಅರಿಸಿನವನ್ನು ಹೇರಿಕೊಂಡು ಬರುತ್ತಾರೆ. ಅಡತಿ ಅಂಗಡಿಯ ಮುಂದೆ ಚೀಲದ ಬಾಯಿ ಬಿಚ್ಚುತ್ತಲೂ ಖರೀದಿದಾರರ ಗುಂಪು ಬಂದು ಮುತ್ತುತ್ತದೆ. ಒಬ್ಬನು ಒಂದು ಕೊಂಬನ್ನೆತ್ತಿ ಪಟಕ್ಕನೆ ಮುರಿಯುತ್ತಾನೆ. ಚೆನ್ನಾಗಿ ಒಣಗಿದ ಕೊಂಬು ಮುರಿಯುವಾಗ ಲೋಹದ ಸದ್ದಿನಂಥದೊಂದು ದನಿ ಹೊರಡುತ್ತದೆ. ಹಸಿಯುಳಿದದ್ದು ಮಣಿಯುತ್ತದೆ, ದನಿಗೊಡುವುದಿಲ್ಲ. ಮುರಿದ ಮುಖದಲ್ಲಿ ಒಳತಿರುಳಿನ ಬಣ್ಣ ನೋಡಿ, ಮನದಲ್ಲಿಯೇ ಗುಣಿಸಿ, ಬೆಲೆ ಕೂಗುತ್ತಾರೆ. ಕೂಗು ಏರಿ ನಿಂತಿತೋ ಗುಂಪು ಮುಂದಿನ ಅಂಗಡಿಗೆ ಹರಿಯಿತು. ರೈತನ ವರ್ಷದ ಬೆವರು ಕಣ್ಣೆವೆಯಿಕ್ಕುವುದರಲ್ಲಿ ಇತ್ಯರ್ಥವಾಗುತ್ತದೆ. ಮೊಮ್ಮಗಳ ಗೆಳೆಯನೊಬ್ಬನು ಮೂರು ಕಾಲಿನ ಸ್ಟ್ಯಾಂಡನ್ನು ಎಲ್ಲಿ ಊರಬೇಕೆಂದು ಯೋಚಿಸುತ್ತಿರುವಷ್ಟರಲ್ಲಿ, ‘ಹೋ… ಹೋ…’ ಎನ್ನುತ್ತ ಬಂದ ಹಮಾಲನೊಬ್ಬನು ಆ ಪ್ರಶ್ನೆಯನ್ನೇ ಗೋಡೆಯವರೆಗೆ ತಳ್ಳಿಬಿಟ್ಟನು.

ಅಲ್ಲಿಂದ ಮರಳಿದ ಮೇಲೆ ಪತ್ರ ತಾನಾಗಿಯೇ ಇಳಿಯಿತು. ಸಂಘದ ವ್ಯವಹಾರ ಮರಾಠಿಯಲ್ಲಿ ನಡೆಯುವುದರಿಂದ ಮರಾಠಿಯಲ್ಲಿಯೇ ಬರೆದದ್ದರ ಸಾರ ಇಷ್ಟು: ಕಾಲೇಜಿನ ಐವರು ವಿದ್ಯಾರ್ಥಿಗಳು ಮತ್ತು ಜೊತೆಗೊಬ್ಬ ಅಧ್ಯಾಪಕರು, ಮಾರ್ಚ್ ಅಖೇರಿಯ ಲೆಕ್ಕಪತ್ರದ ಗಡಿಬಿಡಿಗೆ ಮುನ್ನ, ಸಂಘವೇ ಸೂಚಿಸುವ ಎರಡು ಮುಂಜಾವುಗಳಲ್ಲಿ, ಒಂದು ಕ್ಯಾಮೆರಾ ಮತ್ತು ಕೋಲಿಗೆ ಕಟ್ಟಿದ ಒಂದು ಮೈಕಿನೊಡನೆ ಬರುವರು, ದೀಪಗಳನ್ನು ತಾರರು, ಅಂಗಡಿಯ ವಿದ್ಯುತ್ತನ್ನು ಬಳಸರು, ಡ್ರೋನು ಹಾರಿಸರು, ಸವಾಲು ನಡೆಯುತ್ತಿರುವಾಗ ಸ್ಟ್ಯಾಂಡ್ ಊರದೆ ಕ್ಯಾಮೆರಾವನ್ನು ಕೈಯಲ್ಲಿಯೇ ಹಿಡಿದು, ಹಮಾಲರ ದಾರಿಯನ್ನು ಬಿಟ್ಟು ನಿಲ್ಲುವರು, ಸವಾಲು ನಿಲ್ಲಿಸಿರೆಂದಾಗಲಿ, ಇನ್ನೊಮ್ಮೆ ಕೂಗಿರೆಂದಾಗಲಿ ಯಾರನ್ನೂ ಕೇಳರು. ಕೊನೆಯ ವಾಕ್ಯವನ್ನು ನಾನು ಎರಡು ಸಲ ತಿದ್ದಿದೆ. ಸಿನಿಮಾದವರಿಗೆ ‘ಇನ್ನೊಮ್ಮೆ’ ಎಂಬುದು ಉಸಿರಾಟದಷ್ಟು ಸಹಜ. ಪೇಟೆಯಲ್ಲಿ ಎರಡನೆಯ ಸಲ ಕೂಗಿದ ಬೆಲೆಗೆ ಕಾಯಿದೆಯ ಪ್ರಶ್ನೆ ಏಳುತ್ತದೆ.

ಇಷ್ಟೆಲ್ಲ ವಿನಯದ ನಂತರವೂ, ಪತ್ರವನ್ನು ಓದಿದ ಸಂಘದ ಕಾರ್ಯದರ್ಶಿಗಳು ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಜತ್ತದ ಕಡೆಯ ಕನ್ನಡದಲ್ಲಿ ಹೀಗೆಂದರು: “ಗುರುಗಳ, ಹುಡುಗೂರು ಎಲ್ಲಿ ನಿಂದರತಾವ ಅನ್ನೋದು ನಂಗ ತಿಳೀತು. ಏನ ನೋಡ್ತಾವ ಅನ್ನೋದು ತಿಳೀಲಿಲ್ಲ.”

ಮಾತು ಸಮೀಚೀನವಾಗಿದ್ದಿತು. ವ್ಯಾಪಾರಿ ಕ್ಯಾಮೆರಾಕ್ಕೆ ಅಂಜುವವನಲ್ಲ, ಮಗಳ ಮದುವೆಯಲ್ಲಿ ನಾಲ್ಕು ಕ್ಯಾಮೆರಾಗಳನ್ನು ತಾನೇ ತರಿಸಿದವನು. ಅವನು ಅಂಜುವುದು ಕತ್ತರಿಗೆ. ಒಂದು ಅಂಗಡಿಯಲ್ಲಿ ಕೂಗಿದ ದರಕ್ಕೆ ಇನ್ನೊಂದು ಅಂಗಡಿಯ ರೈತನ ಸಪ್ಪೆ ಮೋರೆಯನ್ನು ಜೋಡಿಸಿ, ಹಿಂದೊಂದು ಕೊಳಲು ಬಾರಿಸಿದರೆ, ಸುಳ್ಳೊಂದು ಮಾತಿಲ್ಲದೆ ಅಡತಿಯವನು ದರೋಡೆಕೋರನಾಗುತ್ತಾನೆ. ರೈತನ ಅಂಜಿಕೆ ಬೇರೆ: ಅವನ ಮುಖವೂ ಅವನಿಗೆ ಬಂದ ಹಣವೂ ಒಂದೇ ಚಿತ್ರದಲ್ಲಿ ಕಂಡರೆ, ಊರಿನಲ್ಲಿ ಸಾಲ ಕೊಟ್ಟವರೂ ಕೇಳಬೇಕೆಂದಿದ್ದವರೂ ಅದೇ ಸಂಜೆ ಬಾಗಿಲಿಗೆ ಬರುತ್ತಾರೆ.

ಆದುದರಿಂದ ಕ್ಯಾಮೆರಾ ನೋಡದಿರುವ ವಸ್ತುಗಳ ಒಂದು ಪರಿಚ್ಛೇದವನ್ನು ಸೇರಿಸಿದೆವು. ಲೆಕ್ಕದ ಪುಸ್ತಕ, ಪಟ್ಟಿ, ಚೀಟಿಗಳನ್ನು ಚಿತ್ರಿಸುವುದಿಲ್ಲ. ಯಾವ ರೈತನ ಮುಖದೊಡನೆಯೂ ಅವನ ಮಾಲಿನ ದರವನ್ನು ಜೋಡಿಸುವುದಿಲ್ಲ. ಮಾತನಾಡಿಸಿದವರಿಂದ ಕನ್ನಡ, ಮರಾಠಿ ಎರಡರಲ್ಲಿಯೂ ಅಚ್ಚಾದ ಒಪ್ಪಿಗೆಯ ಚೀಟಿಗೆ ಸಹಿ ಪಡೆಯುತ್ತೇವೆ, ಓದಲಾರದವರಿಗೆ ಓದಿ ಹೇಳುತ್ತೇವೆ. ಬೇಡವೆಂದವರ ಚಿತ್ರವನ್ನು ಅವರ ಕಣ್ಣೆದುರಿಗೇ ಅಳಿಸುತ್ತೇವೆ.

ಕಾರ್ಯದರ್ಶಿಗಳು ತೃಪ್ತರಾದರೂ ಇನ್ನೊಂದು ಕೇಳಿದರು: ಚಿತ್ರ ಪೂರ್ಣವಾದ ಮೇಲೆ ಸಂಘಕ್ಕೆ ತೋರಿಸಿ ಒಪ್ಪಿಗೆ ಪಡೆಯಬೇಕು. ನಾನು ಇನ್ನೇನು ತಲೆಯಾಡಿಸುವುದರಲ್ಲಿದ್ದೆ. ಮೊಮ್ಮಗಳು ನನ್ನ ಮೊಣಕೈ ಹಿಡಿದಳು. “ತೋರಿಸ್ತೀವ್ರಿ ಕಾಕಾ. ತಪ್ಪಿದ್ರ ತಿದ್ತೀವಿ. ಆದ್ರ ಒಪ್ಪಿಗಿ ಅಂತ ಬರಿಯಂಗಿಲ್ರಿ. ಹಂಗ ಬರದ್ರ ಅದು ನಿಮ್ಮ ಜಾಹೀರಾತ ಆಗ್ತದ, ನಮ್ಮ ಸಿನಿಮಾ ಆಗೂದಿಲ್ಲ.” ಆ ಕ್ಷಣದಲ್ಲಿ ಅವಳ ಪೀತವರ್ಣದ ವೈಭವವನ್ನೆಲ್ಲ ನಾನು ಕ್ಷಮಿಸಿಬಿಟ್ಟೆ. ಹೆಸರು, ತೂಕ, ಕಟ್ಟಳೆ ಮೊದಲಾದ ಸಂಗತಿಗಳಲ್ಲಿ ದೋಷವಿದ್ದರೆ ಏಳು ದಿನಗಳೊಳಗೆ ತಿಳಿಸತಕ್ಕದ್ದು, ತಿದ್ದಲಾಗುವುದು. ಅಭಿಪ್ರಾಯ ವಿದ್ಯಾರ್ಥಿಗಳದು ಎಂದು ಬರೆದೆವು. ಕಾರ್ಯದರ್ಶಿಗಳು ಅವಳನ್ನು ಸ್ವಲ್ಪ ಹೊತ್ತು ನೋಡಿ, “ಈ ಹುಡುಗಿ ದಲಾಲಿ ಮಾಡಿದ್ರ ಪ್ಯಾಟಿ ನಡಸ್ತಿತ್ತು” ಎಂದರು. ಚಹಾ ತರಿಸಿದರು. ಪತ್ರದ ಅಂಚಿನಲ್ಲಿಯೇ, ‘ಹರಕತ್ತಿಲ್ಲ, ದಾರಿ ಬಿಟ್ಟು ನಿಲ್ಲಬೇಕು’ ಎಂಬರ್ಥದ ಮರಾಠಿ ಒಕ್ಕಣೆ ಬಿದ್ದು, ಮೇಲೆ ಸಂಘದ ಮುದ್ರೆ ಬಿದ್ದಿತು. ಬಾಜಾರ ಸಮಿತಿಯ ಉತ್ತರವೂ ಆ ಮುದ್ರೆಯನ್ನು ನೋಡಿಯೇ ಹೊರಟಿತೆಂದು ನನ್ನ ಊಹೆ.

ಚಿತ್ರೀಕರಣದಲ್ಲಿ ತೊಡಕಾದದ್ದು ಅನುಮತಿಯಿಂದಲ್ಲ, ಅರಿಸಿನದಿಂದ. ಕ್ಯಾಮೆರಾವನ್ನು ಅದರ ಇಚ್ಛೆಗೇ ಬಿಟ್ಟರೆ, ಎದುರಿಗೆ ಹಳದಿಯೇ ತುಂಬಿದಾಗ ಇದು ಬೆಳಕಿನ ದೋಷವೆಂದು ಭ್ರಮಿಸಿ ನೀಲಿಯನ್ನು ಬೆರೆಸಿಬಿಡುವುದಂತೆ. ಮೊದಲ ಮುಂಜಾವಿನ ಚಿತ್ರದಲ್ಲಿ ರಾಶಿ ಪೇಲವವಾಗಿ, ಹಮಾಲರೆಲ್ಲ ಶ್ರೀಕೃಷ್ಣನ ವರ್ಣಕ್ಕೆ ತಿರುಗಿದ್ದರು. ಬಿಳಿಯ ಕಾಗದವೊಂದನ್ನು ಹಿಡಿದು ‘ಇದೇ ಬಿಳುಪು’ ಎಂದು ಯಂತ್ರಕ್ಕೆ ಕಲಿಸಬೇಕಂತೆ. ಎರಡನೆಯ ದಿನ ಹಾಗೆ ಮಾಡಿದರು. ಧೂಳು ಕವಿದು ಆ ಕಾಗದವೇ ಹಳದಿಯಾಗುತ್ತ ಬಂದುದರಿಂದ ಮತ್ತೆ ಮತ್ತೆ ಹೊಸ ಹಾಳೆ ತೆಗೆಯಬೇಕಾಯಿತು. ಮಸೂರದ ಮೇಲೆ ಕುಳಿತ ಹುಡಿಯನ್ನು ಬಟ್ಟೆಯಿಂದ ಉಜ್ಜದೆ ಗಾಳಿಯಿಂದಲೇ ಊದಿ ತೆಗೆಯತಕ್ಕದ್ದೆಂದು ಅಧ್ಯಾಪಕರು ಹೇಳಿದ್ದನ್ನು ಒಬ್ಬ ಹುಡುಗ ತನ್ನ ಬಾಯಿಂದಲೇ ನೆರವೇರಿಸಹೋಗಿ, ಉಗುಳು ಸೇರಿ ಕುಂಕುಮವಾಗುವುದೊಂದು ಬಾಕಿಯಿತ್ತು. ದನಿಯ ಭಾಗ್ಯ ಮಾತ್ರ ಚೆನ್ನಾಗಿದ್ದಿತು. ಕೊಂಬು ಮುರಿಯುವ ಆ ಪಟಕ್ಕು ಸ್ಪಷ್ಟವಾಗಿ ಸಿಕ್ಕಿದೆ, ಚಿತ್ರಕ್ಕೆ ಬೇರೆ ಸಂಗೀತವೇ ಬೇಡವೆಂದು ಮಕ್ಕಳು ನಿಶ್ಚಯಿಸಿದ್ದಾರೆ. ತಂಬೂರಿ ಸಿತಾರಗಳನ್ನು ಮಾಡುವ ಮಿರಜೆಯವನಾದ ನನಗೆ ಇದು ಕೊಂಚ ನೋವಿನ ವಿಷಯವಾದರೂ, ಅವರ ನಿರ್ಣಯವೇ ಸರಿ.

ಸಂಘದ ಎದುರು ಪ್ರದರ್ಶನವಾಯಿತು. ತಿದ್ದುಪಡಿಯೆಂದು ಬಂದುದು ಒಂದೇ: ಗಡ್ಡೆಯ ರಾಶಿಯನ್ನು ತೋರಿಸುತ್ತ ಕೊಂಬೆಂದು ಹೇಳಿದ್ದರು, ಅದನ್ನು ಸರಿಪಡಿಸಿದರು. ಈಗ ಅದೇ ತಂಡ ತಾಸಗಾಂವದ ಒಣದ್ರಾಕ್ಷಿಯ ಸವಾಲನ್ನು ಚಿತ್ರಿಸಬೇಕೆಂದು ಹೊರಟಿದೆ; ಹೊಸ ಪತ್ರದ ಕರಡೊಂದು ನನ್ನ ಪಡಸಾಲೆಗೆ ಬಂದು ಬಿದ್ದಿದೆ, ಅದರಲ್ಲಿ ದ್ರಾಕ್ಷಾರಸದ ಮಾಧುರ್ಯವನ್ನು ಕುರಿತು ಎರಡು ಪರಿಚ್ಛೇದಗಳಿವೆ. ಅಲ್ಲಿಯ ವ್ಯಾಪಾರಿಗಳ ಪರಿಚಯವುಳ್ಳ ಓದುಗರು ಯಾರಾದರೂ ಇದ್ದರೆ, ಯಾವ ದಿನ ಯಾವ ಹೊತ್ತಿಗೆ ಹೋದರೆ ಹಮಾಲರಿಗೆ ಅಡ್ಡಿಯಾಗದೆಂಬುದನ್ನು ದಯವಿಟ್ಟು ಮೊದಲೇ ತಿಳಿಸಬೇಕಾಗಿ ವಿನಂತಿ.